ಚಪ್ಪಲಿ ಸೈಜ್ ಬಿಡಿ, ಎತ್ತರ-ತೂಕ ಹೇಳಿ: ಟೈಟ್ಸ್, ಸ್ಟಾಕಿಂಗ್ಸ್, ಲೆಗ್ಗಿಂಗ್ಸ್ ಅಳತೆ ನೋಡುವ ಬಗೆ

"ಅಕ್ಕಾ, ನನ್ನ ಚಪ್ಪಲಿ 6. ಟೈಟ್ಸ್ ಯಾವ ಸೈಜ್ ಕೊಡ್ತೀರಾ?"

ಮಡಿಕೇರಿಯ ನಮ್ಮ ಅಂಗಡಿಯಲ್ಲಿ ಮಳೆ ಶುರುವಾದ ದಿನದಿಂದ ಈ ಪ್ರಶ್ನೆ ಶುರು. ಯೂನಿಫಾರ್ಮ್ ಸ್ಕರ್ಟ್ ಒಳಗೆ ಹಾಕೋಕೆ ಮಕ್ಕಳಿಗೆ ಬೇಕು, ಬೆಳಿಗ್ಗೆ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಬೇಕು. ಡಿಸೆಂಬರ್ ಬಂದರೆ ವಿದೇಶಕ್ಕೆ ಹೊರಟ ಮಗಳಿಗೆ ಬೇಕು. ಎಲ್ಲರೂ ಹೇಳುವುದು ಚಪ್ಪಲಿ ಸೈಜೇ. ಫೋನಿನಲ್ಲೂ ಅದೇ, ಮೆಸೇಜಿನಲ್ಲೂ ಅದೇ. ಹಾಗಾಗಿ ಒಂದು ಸಲ ವಿವರವಾಗಿ ಬರೆದುಬಿಡೋಣ ಅಂತ ಕೂತೆ.

ಮೊದಲು ಹೆಸರುಗಳು. ಪಾದದ ಬೆರಳಿನಿಂದ ಸೊಂಟದವರೆಗೆ ಒಂದೇ ತುಂಡಾಗಿ ಬರುವುದು ಟೈಟ್ಸ್. ಎರಡು ಕಾಲಿಗೆ ಬೇರೆ ಬೇರೆಯಾಗಿ ತೊಡೆಯವರೆಗೆ ಬರುವುದು ಸ್ಟಾಕಿಂಗ್ಸ್. ಪಾದ ಇಲ್ಲದೆ ಕಾಲಗಂಟಿನ ಹತ್ತಿರ ನಿಲ್ಲುವುದು ಲೆಗ್ಗಿಂಗ್ಸ್. ಅಂಗಡಿಗಳಲ್ಲಿ ಮೂರನ್ನೂ ಒಂದೇ ಹೆಸರಿನಲ್ಲಿ ಕೊಡುವುದುಂಟು. ಕೇಳುವಾಗ "ಪಾದ ಇರೋದಾ, ಇಲ್ಲದ್ದಾ?" ಅಂತ ಕೇಳಿಬಿಡಿ.

ಚಪ್ಪಲಿ ಸೈಜ್ ಯಾಕೆ ಸಾಲದು

ಈ ಅಭ್ಯಾಸ ಸುಮ್ನೆ ಬಂದದ್ದಲ್ಲ. ಹಳೆ ಕಾಲದ ನೈಲಾನ್ ಸ್ಟಾಕಿಂಗ್ಸ್ ಹೆಚ್ಚು ಹಿಗ್ಗುತ್ತಿರಲಿಲ್ಲ. ಪಾದ ಸರಿಯಾಗಿ ಕೂರದಿದ್ದರೆ ಹಿಮ್ಮಡಿ ಜಾಗ ತಪ್ಪುತ್ತಿತ್ತು. ಅದಕ್ಕೇ ಅವುಗಳಿಗೆ ಪಾದದ ಉದ್ದವನ್ನು ಇಂಚಿನಲ್ಲಿ ನಮೂದಿಸುತ್ತಿದ್ದರು: 9, 9½, 10 ಹೀಗೆ. ಕಾಲಿನ ಉದ್ದವನ್ನು ಬೇರೆಯಾಗಿ ಕೊಡುತ್ತಿದ್ದರು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಸ್ಪ್ಯಾಂಡೆಕ್ಸ್ ನೂಲು ಸಿದ್ಧವಾಯಿತು. ನಾವು ಲೈಕ್ರಾ ಅನ್ನುವುದು ಅದನ್ನೇ. ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಕುಗ್ಗುವ ನೂಲು ಅದು. ಅದು ಬೆರೆತ ಮೇಲೆ ಪಾದದ ಭಾಗ ಎರಡು ಮೂರು ಸೈಜಿನ ಪಾದಗಳಿಗೆ ತಾನೇ ಹೊಂದಿಕೊಳ್ಳತೊಡಗಿತು. ಕಾಲುಚೀಲಕ್ಕೆ ಈಗಲೂ ಚಪ್ಪಲಿ ಸೈಜ್ ಸರಿಯೇ, ಅದರಲ್ಲಿ ಪಾದವೇ ಮುಖ್ಯ ತಾನೇ. ಟೈಟ್ಸ್‌ನಲ್ಲಿ ಪಾದ ಚಿಕ್ಕ ಭಾಗ. ಉಳಿದದ್ದೆಲ್ಲ ಮೀನಖಂಡ, ತೊಡೆ, ಹಿಪ್.

"ಸರಿ, ಹಾಗಾದರೆ ಎತ್ತರ ಸಾಕಲ್ವಾ? ತೂಕ ಯಾಕೆ?" ಅಂತ ಕೇಳುವವರಿಗೆ ಒಂದು ಪ್ರಯೋಗ. ಹಳೆ ಲೆಗ್ಗಿಂಗ್ಸ್ ಒಂದನ್ನು ಮೇಜಿನ ಮೇಲೆ ಹರಡಿ. ತೊಡೆಯ ಭಾಗದಲ್ಲಿ ಪೆನ್ನಿನಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಬರೆಯಿರಿ. ಈಗ ಎರಡು ಪಕ್ಕ ಹಿಡಿದು ಅಗಲಕ್ಕೆ ಎಳೆಯಿರಿ, ಇನ್ನೊಬ್ಬರು ಟೇಪ್ ಹಿಡಿಯಲಿ. ಅಗಲ 15 ಆಗುವಷ್ಟರಲ್ಲಿ ಉದ್ದ 10 ಉಳಿದಿರುವುದಿಲ್ಲ. ನಾನು ಎಳೆದ ತುಂಡಿನಲ್ಲಿ ಎಂಟೂವರೆಗೆ ಬಂದಿತ್ತು. ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಕೂತಿರುತ್ತದೆ. ಕುಣಿಕೆ ಅಗಲವಾದರೆ ಗಿಡ್ಡವಾಗಲೇಬೇಕು, ನೂಲು ಇರುವುದು ಅಷ್ಟೇ.

ಕಾಲಿನ ಮೇಲೆ ಆಗುವುದೂ ಇದೇ. ತೊಡೆ, ಹಿಪ್ ತುಂಬಿಕೊಂಡಿದ್ದರೆ ಬಟ್ಟೆ ಅಗಲಕ್ಕೆ ಹಿಗ್ಗುತ್ತದೆ, ಆ ಅಗಲವನ್ನು ಉದ್ದದಿಂದ ಕದಿಯುತ್ತದೆ. ಅದಕ್ಕೇ ಒಂದೇ ಎತ್ತರದ ಇಬ್ಬರಿಗೆ ಬೇರೆ ಬೇರೆ ಸೈಜ್ ಬೇಕಾಗುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

1. ಅಳತೆ ತೆಗೆದುಕೊಳ್ಳಿ

ಬೇಕಾದ್ದು ಹೊಲಿಗೆ ಟೇಪ್, ಪೆನ್ಸಿಲ್, ಒಂದು ದಪ್ಪ ಪುಸ್ತಕ, ತೂಕದ ಯಂತ್ರ.

ಎತ್ತರಕ್ಕೆ ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿ. ಹಿಮ್ಮಡಿ ಗೋಡೆಗೆ ತಾಗಿರಲಿ. ಜಡೆ, ತುರುಬು ಇದ್ದರೆ ಬಿಚ್ಚಿ. ತಲೆಯ ಮೇಲೆ ಪುಸ್ತಕವನ್ನು ಸಮವಾಗಿ ಇಟ್ಟು, ಅದರ ಕೆಳ ಅಂಚಿಗೆ ಗುರುತು ಹಾಕಿಸಿಕೊಳ್ಳಿ. ಯಾವುದೋ ಹಳೆ ವರ್ಷದ ಅಂದಾಜು, ಮದುವೆ ಬಯೊಡೇಟಾದಲ್ಲಿ ಬರೆದ ಎತ್ತರ ಇವೆಲ್ಲ ಬೇಡ. ಬಯೊಡೇಟಾದಲ್ಲಿ ಎಲ್ಲರೂ ಒಂದಿಂಚು ಬೆಳೆದಿರುತ್ತಾರೆ.

ತೂಕ ಇವತ್ತಿನದಿರಲಿ. ಮನೆಯಲ್ಲಿ ಯಂತ್ರ ಇಲ್ಲದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ನೋಡಬಹುದು. ತೋಟದ ಮನೆಯವರಾದರೆ ಕಾಫಿ ಮೂಟೆ ತೂಗುವ ತಕ್ಕಡಿ ಇದ್ದೇ ಇರುತ್ತದೆ, ಅದೂ ಆಗುತ್ತದೆ. ಒಂದೆರಡು ಕೆಜಿ ಆಚೀಚೆ ಆದರೆ ಚಿಂತೆ ಇಲ್ಲ. ಐದಾರು ಕೆಜಿ ಕಡಿಮೆ ಹೇಳಿದರೆ ಮಾತ್ರ ನಷ್ಟ ನಿಮಗೇ.

ಮೂರನೆಯದು ಹಿಪ್. ಸೊಂಟ ಬೇರೆ, ಹಿಪ್ ಬೇರೆ. ಎರಡೂ ಪಾದ ಜೋಡಿಸಿ ನಿಂತು, ಪೃಷ್ಠದ ಅತಿ ಅಗಲದ ಜಾಗದಲ್ಲಿ ಟೇಪ್ ಸುತ್ತಿ. ಟೈಲರ್‌ಗಳು ಸೀಟ್ ಅನ್ನುವುದು ಇದನ್ನೇ. ಈ ಅಳತೆಯ ಉಪಯೋಗ ನಾಲ್ಕನೇ ಹಂತದಲ್ಲಿ ಬರುತ್ತದೆ.

2. ಅಡಿ, ಇಂಚು, ಪೌಂಡ್ ಬದಲಾಯಿಸಿ

ಹೊರದೇಶದ ಪ್ಯಾಕೆಟ್‌ಗಳಲ್ಲಿ ಅಡಿ-ಇಂಚು, ಪೌಂಡ್ ಇರುವುದು ಮಾಮೂಲು. ಕೆಲವುಗಳಲ್ಲಿ ಸೆಂಟಿಮೀಟರ್, ಕೆಜಿ. ಒಂದು ಅಡಿ 30.48 ಸೆಂ.ಮೀ., ಒಂದು ಇಂಚು 2.54 ಸೆಂ.ಮೀ. ಕೆಜಿಯನ್ನು 2.2ರಿಂದ ಗುಣಿಸಿದರೆ ಪೌಂಡ್.

ಇಲ್ಲಿ ಒಂದು ಹೊಂಡ ಇದೆ, ಬಹಳ ಜನ ಬೀಳುತ್ತಾರೆ. ನಾವು ಬಾಯಲ್ಲಿ "ಐದು ಪಾಯಿಂಟ್ ಹತ್ತು" ಅಂದರೆ 5 ಅಡಿ 10 ಇಂಚು. ಕ್ಯಾಲ್ಕುಲೇಟರ್‌ಗೆ ಅದು ಗೊತ್ತಿಲ್ಲ. 5.10 ಅಂತ ಒತ್ತಿ 30.48ರಿಂದ ಗುಣಿಸಿದರೆ 155 ಸೆಂ.ಮೀ. ಬರುತ್ತದೆ. ನಿಜವಾದ ಎತ್ತರ 178. ಇಪ್ಪತ್ತು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ! ಅಡಿಯನ್ನು ಬೇರೆ, ಇಂಚನ್ನು ಬೇರೆ ಗುಣಿಸಿ, ಆಮೇಲೆ ಕೂಡಿಸಿ.

3. ಪಟ್ಟಿ ಓದಿ

ಪ್ಯಾಕೆಟ್ಟಿನ ಹಿಂದೆ ಚಿಕ್ಕ ಚೌಕುಳಿ ಪಟ್ಟಿ ಇರುತ್ತದೆ. ಒಂದು ಪಕ್ಕ ಎತ್ತರ, ಇನ್ನೊಂದು ಪಕ್ಕ ತೂಕ. ಎರಡೂ ಸೇರುವ ಮನೆಯಲ್ಲಿ ಬರೆದಿರುವುದೇ ನಿಮ್ಮ ಸೈಜ್. ಕೆಲವರು ಎಸ್, ಎಂ, ಎಲ್ ಅಂತ ಹಾಕುತ್ತಾರೆ, ಕೆಲವರು 1, 2, 3, 4 ಅಂತ. ಒಬ್ಬರ 3 ಇನ್ನೊಬ್ಬರ ಎಲ್ ಆಗಿರಲೇಬೇಕೆಂದಿಲ್ಲ. ಪ್ರತಿ ಬ್ರ್ಯಾಂಡ್‌ಗೂ ಅದರದೇ ಪಟ್ಟಿ ನೋಡಬೇಕು. ಪಟ್ಟಿ ಹೇಗಿರುತ್ತದೆ ಅಂತ ತೋರಿಸಲು ಮಾತ್ರ ಇದು:

| ಎತ್ತರ (ಸೆಂ.ಮೀ.) | 45–55 ಕೆಜಿ | 56–65 ಕೆಜಿ | 66–75 ಕೆಜಿ |
|---|---|---|---|
| 150–158 | ಎಸ್ | ಎಂ | ಎಲ್ |
| 159–167 | ಎಂ | ಎಂ | ಎಲ್ |
| 168–176 | ಎಂ | ಎಲ್ | ಎಲ್ |

ಈಗ ನಮ್ಮ ಮನೆಯದೇ ಉದಾಹರಣೆ. ನನ್ನ ಅತ್ತಿಗೆ ಮತ್ತು ಅವರ ಮಗಳು, ಇಬ್ಬರಿಗೂ ಚಪ್ಪಲಿ 6. ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಂಡು ಓಡಾಡುತ್ತಾರೆ. ನಾನು ಅಂಗಡಿಯಲ್ಲಿ ಇಲ್ಲದ ದಿನ ಬಂದು, "ಇಬ್ಬರದೂ ಒಂದೇ ಸೈಜ್" ಅಂತ ಎರಡು ಎಂ ಒಯ್ದರು. ಮಗಳಿಗೆ ಸರಿಯಾಯಿತು. ಅತ್ತಿಗೆ ಎರಡೇ ದಿನದಲ್ಲಿ ಫೋನ್ ಮಾಡಿದರು. "ಉದ್ದ ಸಾಲಲ್ಲ ಮಾರಾಯ್ತಿ. ನಡೆದ ಹಾಗೆ ಕೆಳಗೆ ಜಾರ್ತದೆ. ಇದಕ್ಕಿಂತ ಉದ್ದದ್ದು ಕೊಡು."

ಅತ್ತಿಗೆಯ ಎತ್ತರ 5 ಅಡಿ 1½ ಇಂಚು, ಅಂದರೆ 156 ಸೆಂ.ಮೀ. ತೂಕ 68 ಕೆಜಿ. ಮಗಳು 5 ಅಡಿ 7 ಇಂಚು, 170 ಸೆಂ.ಮೀ. ತೂಕ 54. ಅಂದರೆ ತಾಯಿ 14 ಸೆಂಟಿಮೀಟರ್ ಗಿಡ್ಡ, ಆದರೂ ಉದ್ದ ಸಾಲದೆ ಹೋದದ್ದು ತಾಯಿಗೇ! ಕಾರಣ ಮೇಜಿನ ಮೇಲಿನ ಆ ಚೌಕ. ಎಂ ಸೈಜಿನ ಬಟ್ಟೆ ಅವರ ತೊಡೆ ಸುತ್ತಲು ಅಗಲಕ್ಕೆ ಅಷ್ಟು ಹಿಗ್ಗಿತ್ತು, ಮೇಲಕ್ಕೆ ಬರಲು ಉದ್ದವೇ ಉಳಿದಿರಲಿಲ್ಲ. ತೊಡೆಸಂದಿನ ಹೊಲಿಗೆ ನಾಲ್ಕು ಬೆರಳು ಕೆಳಗೆ ನೇತಾಡುತ್ತಿತ್ತು. ಮೊಣಕಾಲಿನ ಮೇಲೆ ಕಪ್ಪು ಬಣ್ಣ ತೆಳುವಾಗಿ ಬೂದಿಯ ಹಾಗೆ ಕಾಣುತ್ತಿತ್ತು.

ಪಟ್ಟಿಯಲ್ಲಿ 156 ಮೊದಲ ಸಾಲು, 68 ಕೊನೆಯ ಕಂಬ. ಎಲ್. ಎಲ್ ಹಾಕಿದ ಮೇಲೆ ಹೊಲಿಗೆ ಜಾಗಕ್ಕೆ ಬಂತು, ಸೊಂಟದ ಎಲಾಸ್ಟಿಕ್ ಮಡಚಿಕೊಳ್ಳುವುದು ನಿಂತಿತು. "ಎಲ್ ನನಗೆ ಉದ್ದ ಆಗಲ್ವಾ?" ಅಂತ ಮೊದಲು ಹೆದರಿದ್ದರು. ಆಗಲಿಲ್ಲ. ಆ ಉದ್ದ ಅಗಲಕ್ಕೆ ಖರ್ಚಾಯಿತು.

ಮಗಳಿಗೆ 170 ಕೊನೆಯ ಸಾಲು, 54 ಮೊದಲ ಕಂಬ. ಎಂ. ಆದರೆ ಆಕೆಗೆ ಎಂ ಉದ್ದದ ಕಡೆಯಲ್ಲಿ ಅಂಚಿನಲ್ಲೇ ಇದೆ. ತೆಳು ಟೈಟ್ಸ್ ಆದರೆ ನಡೆಯುತ್ತದೆ, ದಪ್ಪದ್ದಾದರೆ ಇನ್ನೊಂದು ಸಲ ಯೋಚಿಸಬೇಕು. ಎತ್ತರದವರಿಗೆಂದೇ ಉದ್ದ ಕಾಲಿನ ಟೈಟ್ಸ್ ಬರುತ್ತದೆ, ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಎಲ್ ಹಾಕಬಹುದು, ಸೊಂಟ ಸ್ವಲ್ಪ ಸಡಿಲ ಅನ್ನಿಸಬಹುದು.

ದಪ್ಪ, ತೆಳು ಅಂದರೆ ಏನು? ಪ್ಯಾಕೆಟ್ ಮೇಲೆ ಡೆನಿಯರ್ ಅಂತ ಒಂದು ಸಂಖ್ಯೆ ಇರುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. 15, 20 ಅಂದರೆ ಚರ್ಮ ಕಾಣುವಷ್ಟು ತೆಳು. 40 ಮಧ್ಯಮ. 80ರ ಮೇಲೆ ಚರ್ಮ ಕಾಣುವುದಿಲ್ಲ, ನಮ್ಮ ಜುಲೈಗೆ ಇದೇ ಬೇಕು. ಇದು ಸೈಜ್ ಅಲ್ಲ. 80 ಅಂದರೆ ದೊಡ್ಡವರಿಗೆ, 20 ಅಂದರೆ ಚಿಕ್ಕವರಿಗೆ ಅಂತ ತಿಳಿದುಕೊಂಡು ಒಯ್ದವರನ್ನು ನಾನು ನೋಡಿದ್ದೇನೆ.

4. ಗಡಿಯಲ್ಲಿದ್ದರೆ ದೊಡ್ಡದು ತೆಗೆದುಕೊಳ್ಳಿ

ತೂಕ 65 ಅಥವಾ 66, ಎತ್ತರ 158. ಯಾವ ಮನೆ? ಟೈಟ್ಸ್ ವಿಷಯದಲ್ಲಿ ನನ್ನ ಉತ್ತರ ಯಾವಾಗಲೂ ಒಂದೇ: ದೊಡ್ಡದು. ಸ್ವಲ್ಪ ದೊಡ್ಡದಾದರೆ ಕಾಲಗಂಟಿನಲ್ಲಿ ಒಂದೆರಡು ಸುಕ್ಕು ಬರಬಹುದು, ಅಷ್ಟೇ. ಚಿಕ್ಕದಾದರೆ ಜಾರುತ್ತದೆ, ಹೊಟ್ಟೆ ಒತ್ತುತ್ತದೆ, ಬೆರಳ ತುದಿಯಲ್ಲಿ ಹರಿಯುತ್ತದೆ. ಚಿಕ್ಕದು ಹಾಕಿದರೆ ಮೈಕಟ್ಟು ಚೆನ್ನಾಗಿ ಕಾಣುತ್ತದೆ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ.

ಹಿಪ್ ಅಳತೆ ಈಗ ಕೆಲಸಕ್ಕೆ ಬರುತ್ತದೆ. ತೂಕ ಮೈಯಲ್ಲಿ ಎಲ್ಲಿ ಕೂತಿದೆ ಅಂತ ಪಟ್ಟಿಗೆ ಗೊತ್ತಿಲ್ಲ. ಒಬ್ಬರಿಗೆ ಹೊಟ್ಟೆ, ಭುಜದಲ್ಲಿ. ಇನ್ನೊಬ್ಬರಿಗೆ ಪೂರ್ತಿ ಹಿಪ್, ತೊಡೆಯಲ್ಲಿ. ಹಾಕಿ ಆಡುವ ಹುಡುಗಿಯರಿಗೆ ತೊಡೆ ಗಟ್ಟಿಯಾಗಿ ತುಂಬಿರುತ್ತದೆ, ತೂಕದ ಲೆಕ್ಕಕ್ಕಿಂತ ಒಂದು ಸೈಜ್ ಮೇಲೆ ಬೇಕಾಗುವುದೂ ಉಂಟು. ಪ್ಯಾಕೆಟ್‌ನಲ್ಲಿ ಹಿಪ್ ಅಳತೆಯೂ ಕೊಟ್ಟಿದ್ದರೆ, ಎತ್ತರ-ತೂಕ ಎಂ ಅಂದು ಹಿಪ್ ಎಲ್ ಅಂದರೆ, ಹಿಪ್ ಮಾತು ಕೇಳಿ.

5. ಯಾವ ಬಟ್ಟೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ

ಸ್ಟಾಕಿಂಗ್ಸ್‌ಗೆ ಎತ್ತರ ನೋಡುವುದು ಉದ್ದಕ್ಕೆ. ಮೇಲೆ ನಿಲ್ಲುವುದು ತೊಡೆಯ ಸುತ್ತಳತೆಯ ಮೇಲೆ. ತಾನೇ ನಿಲ್ಲುವ ಬಗೆಯಲ್ಲಿ ಮೇಲಿನ ಪಟ್ಟಿಯ ಒಳಗೆ ಸಿಲಿಕೋನ್ ಗೆರೆಗಳಿರುತ್ತವೆ. ಆ ಪಟ್ಟಿ ಕೂರುವ ಜಾಗದಲ್ಲಿ ತೊಡೆಯ ಸುತ್ತ ಟೇಪ್ ಹಿಡಿದು ನೋಡಿ. ಪಟ್ಟಿ ಸುರುಳಿ ಸುತ್ತಿಕೊಂಡು ಕೆಂಪು ಗೆರೆ ಬೀಳಿಸಿದರೆ ಬಿಗಿ. ಜಾರಿದರೆ ಸಡಿಲ, ಅಥವಾ ನೀವು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೀರಿ! ಎಣ್ಣೆ, ಕ್ರೀಮ್ ಇದ್ದರೆ ಸಿಲಿಕೋನ್ ಹಿಡಿಯುವುದಿಲ್ಲ.

ಒಂದು ಎಚ್ಚರಿಕೆ. ಉಬ್ಬಿದ ರಕ್ತನಾಳಕ್ಕೆ, ಕಾಲು ಊತಕ್ಕೆ ಡಾಕ್ಟರ್ ಬರೆದುಕೊಡುವ ಒತ್ತಡದ ಸ್ಟಾಕಿಂಗ್ಸ್ ಬೇರೆಯೇ ವಸ್ತು. ಅದಕ್ಕೆ ಎತ್ತರ-ತೂಕ ಸಾಲದು. ಕಾಲಗಂಟು, ಮೀನಖಂಡ, ಬೇಕಿದ್ದರೆ ತೊಡೆಯ ಸುತ್ತಳತೆಯನ್ನು ಬೆಳಿಗ್ಗೆ ಎದ್ದ ಕೂಡಲೇ, ಊತ ಏರುವ ಮೊದಲು ತೆಗೆಯಬೇಕು. ಈ ಲೇಖನ ನೋಡಿ ಅದನ್ನು ಕೊಳ್ಳಬೇಡಿ.

ಲೆಗ್ಗಿಂಗ್ಸ್‌ಗೆ ಪಾದ ಇಲ್ಲ, ಹಾಗಾಗಿ ಉದ್ದ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಇಲ್ಲಿ ಹಿಪ್ ಮತ್ತು ತೂಕ ಮೊದಲು, ಎತ್ತರ ಆಮೇಲೆ. ನಮ್ಮಲ್ಲಿ ಎರಡು ಉದ್ದ ಸಿಗುತ್ತದೆ. ಆ್ಯಂಕಲ್ ಲೆಂತ್ ಕಾಲಗಂಟಿಗೆ ನಿಲ್ಲುತ್ತದೆ. ಚೂಡಿದಾರ್ ಲೆಂತ್‌ನಲ್ಲಿ ನೆರಿಗೆ ಬೀಳಲಿ ಅಂತ ಹೆಚ್ಚುವರಿ ಉದ್ದ ಇರುತ್ತದೆ. 150 ಸೆಂಟಿಮೀಟರ್‌ನವರಿಗೆ ಆ್ಯಂಕಲ್ ಲೆಂತ್ ಹಿಮ್ಮಡಿವರೆಗೂ ಬರಬಹುದು. ಎತ್ತರದವರು ಆ್ಯಂಕಲ್ ಲೆಂತ್ ಕೊಂಡು "ಮೇಲೇರಿತು" ಅನ್ನುವುದಕ್ಕಿಂತ ಚೂಡಿದಾರ್ ಲೆಂತ್ ತೆಗೆದುಕೊಳ್ಳುವುದು ಜಾಣತನ. ಹತ್ತಿ ಜಾಸ್ತಿ ಇರುವ ಲೆಗ್ಗಿಂಗ್ಸ್ ಮೊದಲ ಒಗೆತದಲ್ಲಿ ಸ್ವಲ್ಪ ಗಿಡ್ಡವಾಗುತ್ತದೆ. ಅಂಗಡಿಯಲ್ಲೇ ಉದ್ದ ಕಟ್ಟುನಿಟ್ಟಾಗಿ ಸರಿ ಕಂಡರೆ ಮನೆಯಲ್ಲಿ ಗಿಡ್ಡ ಆಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಶುಕ್ರವಾರದ ಸಂತೆಯಲ್ಲಿ "ಫ್ರೀ ಸೈಜ್" ಅಂತ ರಾಶಿ ಹಾಕಿರುತ್ತಾರಲ್ಲ, ಅದು ಮಧ್ಯದ ಮೈಕಟ್ಟಿನವರಿಗೆ ಮಾತ್ರ ಫ್ರೀ.

ಮಕ್ಕಳಿಗೆ ವಯಸ್ಸು ನೋಡಲೇಬೇಡಿ. "7–8 ವರ್ಷ" ಅಂತ ದೊಡ್ಡದಾಗಿ ಬರೆದಿದ್ದರೂ ಕೆಳಗೆ 122–128 ಅಂತ ಸೆಂಟಿಮೀಟರ್ ಇರುತ್ತದೆ, ಅದು ಎತ್ತರ. ಅದೇ ಸರಿ. ಬೆಳೆಯುವ ಮಗು ಅಂತ ಎರಡು ಸೈಜ್ ಮೇಲೆ ಕೊಂಡರೆ ಮೊಣಕಾಲ ಹಿಂದೆ ಗಂಟು ಕಟ್ಟಿ, ಮಗು ಇಡೀ ದಿನ ಎಳೆದುಕೊಳ್ಳುತ್ತಾ ಇರುತ್ತದೆ. ಒಂದು ಸೈಜ್ ಮೇಲೆ ಸಾಕು.

6. ಹಾಕಿ ನೋಡುವ ರೀತಿ

ಪ್ಯಾಂಟ್ ಏರಿಸಿದ ಹಾಗೆ ಒಂದೇ ಸಲ ಎಳೆಯಬೇಡಿ. ಮಂಚದ ಮೇಲೆ ಕೂತು, ಟೈಟ್ಸ್‌ನ ಒಂದು ಕಾಲನ್ನು ಕೈಯ ಹೆಬ್ಬೆರಳುಗಳಿಂದ ಪಾದದ ತುದಿಯವರೆಗೆ ಮುದುರಿಕೊಳ್ಳಿ. ಬೆರಳು ತುದಿಗೆ ತಾಗಿಸಿ, ಹಿಮ್ಮಡಿ ಕೂರಿಸಿ, ಮೊಣಕಾಲಿನವರೆಗೆ ಬಿಡಿಸುತ್ತಾ ಬನ್ನಿ. ಇನ್ನೊಂದು ಕಾಲಿಗೂ ಹಾಗೇ. ಆಮೇಲೆ ನಿಂತು ತೊಡೆ, ಸೊಂಟ. ಉಂಗುರ ತೆಗೆದಿಡಿ. ಎಷ್ಟೋ ಸಲ "ಸೈಜ್ ಸರಿ ಇಲ್ಲ" ಅಂದವರ ಕಾಲಲ್ಲಿ ಉದ್ದವೆಲ್ಲ ಮೀನಖಂಡದಲ್ಲೇ ಮುದುಡಿ ಕೂತಿರುತ್ತದೆ. ಕೆಳಗಿಂದ ಹಂಚಿಕೊಂಡು ಬಂದರೆ ಅದೇ ಸೈಜ್ ಸರಿಹೋಗುತ್ತದೆ.

ಹಾಕಿಕೊಂಡು ಎರಡು ಸಲ ಕುಕ್ಕರಗಾಲಲ್ಲಿ ಕೂತು ಏಳಿ, ನಾಲ್ಕು ಮೆಟ್ಟಿಲು ಹತ್ತಿ. ಈಗ ಕನ್ನಡಿ ಮುಂದೆ ನೋಡಿ. ತೊಡೆಸಂದಿನ ಹೊಲಿಗೆ ಕೆಳಗಿಳಿದು, ಮೊಣಕಾಲು ತೆಳುವಾಗಿ ಕಂಡರೆ ಅಗಲ ಸಾಲದು, ಮೇಲಿನ ಸೈಜ್. ಹೊಲಿಗೆ ಕೆಳಗಿಳಿದಿದೆ, ಆದರೆ ತೊಡೆಯಲ್ಲಿ ಬಟ್ಟೆ ಸುಲಭವಾಗಿ ಚಿವುಟಲು ಬರುತ್ತದೆ ಅಂದರೆ ನಿಮಗೆ ಉದ್ದ ಮಾತ್ರ ಸಾಲದು, ಉದ್ದ ಕಾಲಿನದು ಹುಡುಕಿ. ಕಾಲಗಂಟಲ್ಲೂ ಮೊಣಕಾಲ ಹಿಂದೆಯೂ ಸುಕ್ಕು ತುಂಬಿದ್ದರೆ ದೊಡ್ಡದಾಯಿತು. ಪಾದದಲ್ಲಿ ಮಾತ್ರ ಬಟ್ಟೆ ಮಿಕ್ಕಿದ್ದರೆ ಸೈಜ್ ಬದಲಾಯಿಸಬೇಡಿ, ತುದಿಯನ್ನು ಬೆರಳ ಕೆಳಗೆ ಮಡಚಿ ಶೂ ಹಾಕಿಕೊಳ್ಳಿ. ಚಪ್ಪಲಿ ಸೈಜ್‌ಗೆ ಇಲ್ಲಿ ಉಳಿದಿರುವ ಕೆಲಸ ಇಷ್ಟೇ. ನಿಮ್ಮ ಪಾದ ತೀರಾ ದೊಡ್ಡದಾಗಿ, ಬೆರಳ ತುದಿಯಲ್ಲಿ ಪದೇ ಪದೇ ತೂತು ಬೀಳುತ್ತಿದ್ದರೆ ಮಾತ್ರ ಒಂದು ಸೈಜ್ ಮೇಲೆ ಹೋಗಿ.

ಇಲ್ಲಿ ಅಂಗಡಿಯವಳಾಗಿ ಒಂದು ಮಾತು. ಒಳ ಉಡುಪಿನ ಹಾಗೆ ಇದನ್ನೂ ಪ್ಯಾಕೆಟ್ ಒಡೆದ ಮೇಲೆ ಸಾಮಾನ್ಯವಾಗಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆನ್‌ಲೈನಿನಲ್ಲಿ ನಾನೇ ಒಂದು ಡಜನ್ ತರಿಸಿ, ಪಟ್ಟಿ ಪೌಂಡ್‌ನಲ್ಲಿದ್ದದ್ದನ್ನು ಕೆಜಿ ಅಂದುಕೊಂಡು ಮೋಸಹೋದದ್ದಿದೆ. ಮೊದಲು ಒಂದೇ ಕೊಳ್ಳಿ. ಸರಿಬಂದರೆ ಆ ಪ್ಯಾಕೆಟ್ಟಿನ ಪಟ್ಟಿಯ ಫೋಟೋ ತೆಗೆದಿಟ್ಟುಕೊಂಡು ಉಳಿದವು ಕೊಳ್ಳಿ.

7. ಸರಿ ಇದ್ದ ಸೈಜ್ ಮಳೆಗಾಲದಲ್ಲಿ ಯಾಕೆ ಕೆಡುತ್ತದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದೇ ದೊಡ್ಡ ಕಥೆ. ಒಲೆಯ ಮೇಲಿನ ಹಗ್ಗಕ್ಕೆ, ಕೆಂಡದ ಮೇಲೆ ಕವುಚಿದ ಬುಟ್ಟಿಗೆ, ಕೆಲವರು ಹೀಟರ್ ಮುಂದೆ ಕುರ್ಚಿಗೆ ಹಾಕುತ್ತಾರೆ. ಹತ್ತಿ ಸೀರೆಗೆ ಏನೂ ಆಗದು. ಲೈಕ್ರಾಗೆ ಶಾಖ ಆಗದು. ಹಿಗ್ಗಿದ ನೂಲು ಹಿಂದಕ್ಕೆ ಬರುವ ಶಕ್ತಿ ಕಳೆದುಕೊಳ್ಳುತ್ತದೆ. ಆಗಸ್ಟ್‌ನಲ್ಲಿ "ಜೂನ್‌ನಲ್ಲಿ ಸರಿ ಇತ್ತು, ಈಗ ದೊಡ್ಡದಾಗಿದೆ, ಚಿಕ್ಕ ಸೈಜ್ ಕೊಡಿ" ಅಂತ ಬರುವವರು ಇದ್ದೇ ಇದ್ದಾರೆ. ಅವರಿಗೆ ಬೇಕಾದ್ದು ಅದೇ ಸೈಜಿನ ಹೊಸದು. ಚಿಕ್ಕದು ಒಯ್ದರೆ ಅತ್ತಿಗೆಯ ಕಥೆ ಮತ್ತೆ ಶುರು.

ತಣ್ಣೀರಲ್ಲಿ ಒಗೆದು, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ. ಸೊಂಟದ ಪಟ್ಟಿಯನ್ನು ಕೋಲಿನ ಮೇಲೆ ಮಡಚಿ ಹಾಕಿ ಫ್ಯಾನ್ ಕೆಳಗೆ ಬಿಡಿ. ನೈಲಾನ್ ನೀರು ಹೆಚ್ಚು ಕುಡಿಯುವುದಿಲ್ಲ, ಹತ್ತಿಗಿಂತ ಬೇಗ ಒಣಗುತ್ತದೆ. ಸಂದೇಹ ಬಂದಾಗ ತೊಡೆಯ ಭಾಗವನ್ನು ಅಗಲಕ್ಕೆ ಎಳೆದು ಬಿಟ್ಟು ನೋಡಿ. ತಟ್ಟನೆ ಹಿಂದಕ್ಕೆ ಬಂದರೆ ಇನ್ನೂ ಜೀವ ಇದೆ. ಅಲೆ ಅಲೆಯಾಗಿ ಹಾಗೇ ನಿಂತರೆ ಅದನ್ನು ಈರುಳ್ಳಿ ಕಟ್ಟಿ ತೂಗುಹಾಕಲು ಇಟ್ಟುಕೊಳ್ಳಿ, ನಮ್ಮ ಮನೆಯ ಅಟ್ಟದಲ್ಲಿ ಅಂಥವು ನಾಲ್ಕಿವೆ.